ದುಂಡು ಬಟಾಣಿ, ಸುಕ್ಕು ಬಟಾಣಿ: ಪ್ರಬಲ ಮತ್ತು ದುರ್ಬಲ ಗುಣಗಳನ್ನು ಸಂಕರಣ ಚಿತ್ರದ ಮೂಲಕ ಕಲಿಸುವ ಸಮಗ್ರ ಮಾರ್ಗದರ್ಶಿ

ಅನುವಂಶೀಯತೆಯ ಪಾಠ ಬಂದಾಗ ಬಹುತೇಕ ವಿದ್ಯಾರ್ಥಿಗಳು ನಾಲ್ಕು ಮನೆಗಳ ಚೌಕವನ್ನು ಒಂದೇ ತರಗತಿಯಲ್ಲಿ ಕಲಿತುಬಿಡುತ್ತಾರೆ. ಮೇಲೆರಡು ಅಕ್ಷರ, ಎಡಕ್ಕೆರಡು ಅಕ್ಷರ ಬರೆದು, ಮನೆಗಳನ್ನು ತುಂಬಿ, ಕೊನೆಯಲ್ಲಿ 3:1 ಎಂದು ಉತ್ತರ ಕೊಡುತ್ತಾರೆ. ಆದರೆ ಆ ಮನೆಗಳಲ್ಲಿರುವುದು ಗಿಡವೋ ಬೀಜವೋ, ಅದು ಯಾವ ಗಿಡದ ಮೇಲೆ ಕಾಣಸಿಗುತ್ತದೆ, ನಾಲ್ಕು ಕಾಳು ಬಿಡಿಸಿದರೆ ಅದರಲ್ಲಿ ಒಂದು ಸುಕ್ಕು ಇರಲೇಬೇಕೇ ಎಂದು ಕೇಳಿದರೆ ಅದೇ ವಿದ್ಯಾರ್ಥಿಗಳು ತಡವರಿಸುತ್ತಾರೆ. ಚೌಕವು ಗಿಡದಿಂದ ಬೇರ್ಪಟ್ಟು ಬರಿಯ ಅಕ್ಷರಗಳ ಆಟವಾಗಿರುವುದೇ ಇದಕ್ಕೆ ಕಾರಣ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಒಂದೇ ಗುಣವನ್ನು, ಅಂದರೆ ಬಟಾಣಿ ಕಾಳಿನ ಆಕಾರವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದುಕೊಂಡು, ಚಿತ್ರದ ಪ್ರತಿಯೊಂದು ಗೆರೆಗೂ ಗಿಡದಲ್ಲಿ ಏನು ನಡೆಯುತ್ತದೆ ಎಂಬುದನ್ನು ಜೋಡಿಸುತ್ತಾ ಹೋಗಲಾಗಿದೆ.

ಸಾಮಾನ್ಯವಾಗಿ ತರಗತಿಯಲ್ಲಿ ಎತ್ತರದ ಗಿಡ ಮತ್ತು ಗಿಡ್ಡ ಗಿಡದ ಉದಾಹರಣೆಯಿಂದ ಪಾಠ ಆರಂಭವಾಗುತ್ತದೆ. ಅದು ತಪ್ಪಲ್ಲ. ಆದರೆ ಎತ್ತರವನ್ನು ನೋಡಲು ಬೀಜ ಬಿತ್ತಿ, ಗಿಡ ಬೆಳೆಯುವವರೆಗೆ ಕಾಯಬೇಕು. ಕಾಳಿನ ಆಕಾರವಾದರೋ ಕಾಯಿಯೊಳಗೇ ತೀರ್ಮಾನವಾಗಿರುತ್ತದೆ, ಎರಡು ಬಗೆಯ ಕಾಳುಗಳೂ ಒಂದೇ ಕಾಯಿಯಲ್ಲಿ ಅಕ್ಕಪಕ್ಕ ಕುಳಿತಿರುವುದನ್ನು ಕಣ್ಣಾರೆ ಕಾಣಬಹುದು. ಚಿತ್ರವನ್ನು ಮೊದಲ ಬಾರಿಗೆ ಬಿಡಿಸುವವರಿಗೆ ಇದಕ್ಕಿಂತ ಅನುಕೂಲವಾದ ಗುಣ ಬೇರೊಂದಿಲ್ಲ.

## ಹಂತ 1: ಗುಣವನ್ನು ಕೈಯಲ್ಲಿ ಹಿಡಿದು ನೋಡುವುದು

ಮೊದಲು ಎರಡು ಬಗೆಯ ಬಟಾಣಿ ಬೀಜಗಳನ್ನು ತರಗತಿಗೆ ತನ್ನಿ. ಕಿರಾಣಿ ಅಂಗಡಿಯಲ್ಲಿ ಸಿಗುವ ಒಣ ಬಿಳಿ ಬಟಾಣಿ ದುಂಡಗೆ, ನುಣುಪಾಗಿರುತ್ತದೆ. ಬಿತ್ತನೆ ಬೀಜದ ಅಂಗಡಿಯಲ್ಲಿ ಸಿಗುವ ತರಕಾರಿ ಬಟಾಣಿಯ ಆರ್ಕೆಲ್ ತಳಿಯ ಬೀಜ ಆಳವಾದ ಮಡಿಕೆಗಳುಳ್ಳ ಸುಕ್ಕು ಬೀಜ. ಬಿತ್ತನೆ ಬೀಜಕ್ಕೆ ಸಾಮಾನ್ಯವಾಗಿ ಔಷಧ ಲೇಪಿಸಿರುತ್ತಾರಾದ್ದರಿಂದ ಮಕ್ಕಳು ಅದನ್ನು ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ಮುಟ್ಟಿದ ಮೇಲೆ ಕೈ ತೊಳೆಸಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಸಿ ಬಟಾಣಿಯನ್ನು ಸುಲಿದು ತೋರಿಸಿದರೆ ಎರಡು ಬಗೆಯ ಕಾಳುಗಳೂ ದುಂಡಾಗಿಯೇ ಕಾಣುತ್ತವೆ, ಏಕೆಂದರೆ ಸುಕ್ಕು ಮೂಡುವುದು ಕಾಳು ಪೂರ್ತಿ ಬಲಿತು ಒಣಗಿದ ಮೇಲೆ. ಇನ್ನು ಬಲಿಯುವ ಮೊದಲೇ ಕಿತ್ತು ಒಣಗಿಸಿದರೆ ದುಂಡು ತಳಿಯ ಕಾಳು ಕೂಡ ಮುದುಡಿಕೊಳ್ಳುತ್ತದೆ. ಚೆನ್ನಾಗಿ ಬಲಿತ ದುಂಡು ಕಾಳಿನ ಮೇಲೂ ಅಲ್ಲೊಂದು ಇಲ್ಲೊಂದು ಆಳವಿಲ್ಲದ ತಗ್ಗು ಇರಬಹುದು. ಮೇಲ್ಮೈ ತುಂಬ ಆಳವಾದ, ಅಡ್ಡಾದಿಡ್ಡಿ ಮಡಿಕೆಗಳಿದ್ದರೆ ಮಾತ್ರ ಅದನ್ನು ಸುಕ್ಕು ಕಾಳು ಎಂದು ಎಣಿಸಬೇಕು.

## ಹಂತ 2: ಶುದ್ಧ ತಳಿ ಎಂಬುದನ್ನು ಖಚಿತಪಡಿಸುವುದು

ಸಂಕರಣ ಚಿತ್ರದ ಮೊದಲ ಸಾಲಿನಲ್ಲಿ ನಾವು `RR` ಎಂದೋ `rr` ಎಂದೋ ಬರೆಯುತ್ತೇವೆ. ಹಾಗೆ ಬರೆಯುವ ಅಧಿಕಾರ ನಮಗೆ ಎಲ್ಲಿಂದ ಬಂತು ಎಂದು ವಿದ್ಯಾರ್ಥಿಗಳು ಕೇಳುವುದು ಕಡಿಮೆ, ಆದರೆ ಅದನ್ನು ಹೇಳಿಯೇ ಮುಂದೆ ಹೋಗಬೇಕು. ಬ್ರನೋ ನಗರದ ಕ್ರೈಸ್ತ ಮಠವೊಂದರಲ್ಲಿ ಗ್ರೆಗರ್ ಮೆಂಡೆಲ್ ಬೀಜ ವ್ಯಾಪಾರಿಗಳಿಂದ 34 ಬಗೆಯ ಬಟಾಣಿಗಳನ್ನು ತರಿಸಿಕೊಂಡು, ಎರಡು ವರ್ಷ ಅವುಗಳನ್ನು ಬೆಳೆದು ನೋಡಿ, ಪೀಳಿಗೆಯಿಂದ ಪೀಳಿಗೆಗೆ ಗುಣ ಬದಲಾಗದ 22 ಬಗೆಗಳನ್ನು ಉಳಿಸಿಕೊಂಡರು. ಅನಂತರವೇ 1856ರಲ್ಲಿ ಸಂಕರಣದ ಪ್ರಯೋಗಗಳು ಆರಂಭವಾದವು.

ಬಟಾಣಿಯಲ್ಲಿ ಇದು ಸಾಧ್ಯವಾಗಲು ಅದರ ಹೂವಿನ ರಚನೆಯೇ ಕಾರಣ. ಬಟಾಣಿ ಹೂವಿನ ಕೆಳಗಿನ ಎರಡು ದಳಗಳು ದೋಣಿಯ ಆಕಾರದಲ್ಲಿ ಕೂಡಿಕೊಂಡು ಕೇಸರಗಳನ್ನೂ ಶಲಾಕಾಗ್ರವನ್ನೂ ಮುಚ್ಚಿರುತ್ತವೆ, ಮತ್ತು ಹೂವು ಅರಳುವ ಮೊದಲೇ ಅದರದೇ ಪರಾಗ ಅದರದೇ ಶಲಾಕಾಗ್ರದ ಮೇಲೆ ಬಿದ್ದಿರುತ್ತದೆ. ಈ ಸ್ವಕೀಯ ಪರಾಗಸ್ಪರ್ಶ ಪೀಳಿಗೆಗಳ ಕಾಲ ನಡೆದರೂ ದುಂಡು ಕಾಳಿನ ಗಿಡ ಬರಿಯ ದುಂಡು ಕಾಳನ್ನೇ ಕೊಡುತ್ತಿದ್ದರೆ, ಅದರಲ್ಲಿ ಆಕಾರವನ್ನು ನಿರ್ಧರಿಸುವ ಜೀನಿನ ಎರಡು ಪ್ರತಿಗಳೂ ಒಂದೇ ಬಗೆಯವು ಎಂದು ತಿಳಿಯಬಹುದು. ಇಂಥ ಗಿಡವನ್ನು ಸಮಯುಗ್ಮಜ ಎನ್ನುತ್ತೇವೆ.

## ಹಂತ 3: ಸಂಕರಣ ಮತ್ತು ಮೊದಲ ಪೀಳಿಗೆ

ಸಂಕರಣ ಮಾಡಬೇಕಾದರೆ ಮೊಗ್ಗು ಎಳೆಯದಾಗಿರುವಾಗಲೇ ದೋಣಿ ದಳವನ್ನು ಮೆಲ್ಲಗೆ ಬಿಡಿಸಿ, ಪರಾಗ ಉದುರುವ ಮೊದಲೇ ಹತ್ತೂ ಕೇಸರಗಳನ್ನು ಚಿಮುಟದಿಂದ ಕಿತ್ತು, ಇನ್ನೊಂದು ತಳಿಯ ಪರಾಗವನ್ನು ಶಲಾಕಾಗ್ರಕ್ಕೆ ಸವರಬೇಕು. ದುಂಡು ತಳಿಯನ್ನು ತಾಯಿಯಾಗಿ ಮಾಡಿದರೂ ಸುಕ್ಕು ತಳಿಯನ್ನು ತಾಯಿಯಾಗಿ ಮಾಡಿದರೂ ಆ ಹೂವಿನಿಂದ ಬಲಿತ ಕಾಯಿಯಲ್ಲಿ ಸಿಕ್ಕುವುದು ದುಂಡು ಕಾಳುಗಳೇ.

ಒಂದು ಕ್ಷಣ ಇಲ್ಲಿ ನಿಲ್ಲಿ. ಸುಕ್ಕು ಕಾಳಿನಿಂದ ಹುಟ್ಟಿದ ಗಿಡವನ್ನು ತಾಯಿಯಾಗಿ ಬಳಸಿದ್ದೇವೆ, ಆದರೆ ಅದೇ ಗಿಡದ ಕಾಯಿಯಲ್ಲಿ ದುಂಡು ಕಾಳುಗಳು ಬಂದಿವೆ. ಕಾಳಿನ ಆಕಾರವನ್ನು ನಿರ್ಧರಿಸುವುದು ಅದರೊಳಗಿನ ಬೀಜದಳಗಳು, ಬೀಜದಳಗಳು ಭ್ರೂಣದ ಭಾಗ, ಭ್ರೂಣ ಹೊಸ ಪೀಳಿಗೆಗೆ ಸೇರಿದ್ದು. ಅಂದರೆ ಕಾಳು ಇನ್ನೂ ತಾಯಿ ಗಿಡದ ಕಾಯಿಯೊಳಗೆ ಇರುವಾಗಲೇ ಅದು F1 ಪೀಳಿಗೆಯ ಸದಸ್ಯ. ಅದೇ ತರ್ಕದ ಪ್ರಕಾರ, ಈ F1 ಕಾಳನ್ನು ಬಿತ್ತಿ ಬೆಳೆದ ಗಿಡದ ಕಾಯಿಯಲ್ಲಿರುವ ಕಾಳುಗಳು F2 ಪೀಳಿಗೆಯವು. ಈ ಒಂದು ವಾಕ್ಯವನ್ನು ವಿದ್ಯಾರ್ಥಿಗಳು ತಮ್ಮ ಮಾತಿನಲ್ಲಿ ಹೇಳುವವರೆಗೆ ಮುಂದಿನ ಹಂತಕ್ಕೆ ಹೋಗುವುದು ಬೇಡ, ಏಕೆಂದರೆ ಮುಂದೆ ಬರುವ ಗೊಂದಲಗಳಲ್ಲಿ ಅರ್ಧದಷ್ಟು ಇಲ್ಲಿಂದಲೇ ಹುಟ್ಟುತ್ತವೆ.

F1ರಲ್ಲಿ ಕಾಣಿಸಿಕೊಂಡ ದುಂಡು ಆಕಾರವನ್ನು ಪ್ರಬಲ ಗುಣ ಎಂದೂ ಕಾಣಿಸದೆ ಉಳಿದ ಸುಕ್ಕನ್ನು ದುರ್ಬಲ ಗುಣ ಎಂದೂ ಕರೆಯುತ್ತೇವೆ. ಯಾವುದು ಹೆಚ್ಚು ಸಾಮಾನ್ಯ, ಯಾವುದು ಗಿಡಕ್ಕೆ ಹೆಚ್ಚು ಒಳ್ಳೆಯದು ಎಂಬುದಕ್ಕೂ ಈ ಹೆಸರುಗಳಿಗೂ ಸಂಬಂಧವಿಲ್ಲ. ಎರಡು ಬಗೆಯ ಪ್ರತಿಗಳು ಒಂದೇ ಜೀವಿಯಲ್ಲಿ ಸೇರಿದಾಗ ಯಾವ ಗುಣ ಹೊರಗೆ ಕಾಣುತ್ತದೆ ಎಂಬುದಷ್ಟೇ ಇಲ್ಲಿನ ಮಾನದಂಡ. ಸಿಹಿ ಹೆಚ್ಚೆಂಬ ಕಾರಣಕ್ಕೆ ತರಕಾರಿ ಬಟಾಣಿಗಾಗಿ ಬೆಳೆಯುವ ಅನೇಕ ತಳಿಗಳು ಈ ‘ದುರ್ಬಲ’ ಸುಕ್ಕು ತಳಿಗಳೇ.

## ಹಂತ 4: ಮೊದಲ ಚಿತ್ರ ಬಿಡಿಸುವುದು

ಒಂದು ಜೀನಿನ ಎರಡು ರೂಪಗಳನ್ನು ಅಲೀಲ್‌ಗಳು ಎನ್ನುತ್ತೇವೆ. ಒಂದು ಗುಣಕ್ಕೆ ಒಂದೇ ಅಕ್ಷರವನ್ನು ಬಳಸಿ, ಪ್ರಬಲ ಅಲೀಲ್‌ಗೆ ದೊಡ್ಡ ಅಕ್ಷರ `R`, ದುರ್ಬಲ ಅಲೀಲ್‌ಗೆ ಚಿಕ್ಕ ಅಕ್ಷರ `r` ಬರೆಯಬೇಕು. ದುಂಡಿಗೆ `R`, ಸುಕ್ಕಿಗೆ `W` ಎಂದು ಎರಡು ಬೇರೆ ಅಕ್ಷರಗಳನ್ನು ಬಳಸಿದರೆ ಅವು ಒಂದೇ ಜೀನಿನ ಎರಡು ರೂಪಗಳೆಂಬುದು ಮರೆಯಾಗುತ್ತದೆ. ಅಕ್ಷರವನ್ನು ಆರಿಸುವಾಗ ಕೈಬರಹದ ಕಡೆಗೂ ಗಮನವಿರಲಿ: `S` ಮತ್ತು `s`, `C` ಮತ್ತು `c` ನೋಟ್‌ಬುಕ್ಕಿನಲ್ಲಿ ಒಂದೇ ತೆರನಾಗಿ ಕಂಡು, ಸರಿಯಾಗಿ ಗೊತ್ತಿದ್ದ ಉತ್ತರವೂ ತಪ್ಪಾಗುತ್ತದೆ. `R`–`r`, `T`–`t` ಸುರಕ್ಷಿತ.

ಮೊದಲ ಚಿತ್ರಕ್ಕೆ ಮೂರು ಸಾಲು ಸಾಕು.

```
P            :   RR   ×   rr
ಲಿಂಗಾಣುಗಳು   :   R        r
F1           :       Rr
```

ಮಧ್ಯದ ಸಾಲನ್ನು ಬಿಟ್ಟುಬಿಡುವುದು ಬಹಳ ಸಾಮಾನ್ಯ. ವೇಗವಾಗಿ ಬರೆಯುವ ವಿದ್ಯಾರ್ಥಿಗಳು `RR`ನಿಂದ ನೇರವಾಗಿ `Rr`ಗೆ ಜಿಗಿಯುತ್ತಾರೆ. ಆದರೆ ಇಡೀ ಚಿತ್ರದಲ್ಲಿ ಮೆಂಡೆಲ್ ಅವರ ನಿಯಮ ಇರುವುದು ಆ ಸಾಲಿನಲ್ಲಿಯೇ. ಗಿಡದ ಸಾಮಾನ್ಯ ಜೀವಕೋಶದಲ್ಲಿ ಅಲೀಲ್‌ಗಳು ಜೋಡಿಯಾಗಿರುತ್ತವೆ. ಪರಾಗ ಮತ್ತು ಅಂಡ ರೂಪುಗೊಳ್ಳುವಾಗ ಆ ಜೋಡಿ ಬೇರೆಯಾಗಿ, ಒಂದು ಲಿಂಗಾಣುವಿಗೆ ಒಂದೇ ಅಲೀಲ್ ಸೇರುತ್ತದೆ. ಲಿಂಗಾಣುವಿನ ಸಾಲಿನಲ್ಲಿ ಯಾರಾದರೂ `RR` ಎಂದು ಬರೆದಿದ್ದರೆ ಅವರಿಗೆ ಈ ಬೇರ್ಪಡುವಿಕೆ ಅರ್ಥವಾಗಿಲ್ಲ ಎಂದು ತಿಳಿಯಿರಿ. ಅಂಥವರಿಗೆ ಚೌಕವನ್ನು ತಿದ್ದಿಕೊಡುವುದಕ್ಕಿಂತ ಈ ಸಾಲಿಗೇ ಹಿಂದಿರುಗುವುದು ಒಳ್ಳೆಯದು. ಲಿಂಗಾಣುಗಳಿಗೆ ಸುತ್ತಲೂ ಒಂದು ವೃತ್ತ ಬರೆಸಿದರೆ ಜೋಡಿಯಾಗಿರುವ ಅಕ್ಷರಗಳಿಗೂ ಒಂಟಿ ಅಕ್ಷರಗಳಿಗೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

## ಹಂತ 5: ನಾಲ್ಕು ಮನೆಗಳ ಚೌಕ

ಈಗ F1 ಗಿಡ ತಾನಾಗಿಯೇ ಸ್ವಕೀಯ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಅದು `Rr` ಆಗಿರುವುದರಿಂದ, ಎಂದರೆ ವಿಷಮಯುಗ್ಮಜವಾಗಿರುವುದರಿಂದ, ಅದರ ಪರಾಗಕಣಗಳಲ್ಲಿ ಸುಮಾರು ಅರ್ಧ `R`, ಅರ್ಧ `r`. ಅಂಡಗಳಲ್ಲಿಯೂ ಹಾಗೆಯೇ. ಯಾವ ಪರಾಗ ಯಾವ ಅಂಡವನ್ನು ಸೇರುತ್ತದೆ ಎಂಬುದು ಆಕಸ್ಮಿಕ. ಈ ನಾಲ್ಕು ಸಾಧ್ಯತೆಗಳನ್ನು ಒಂದೂ ಬಿಡದಂತೆ ಬರೆದಿಡಲು ಬ್ರಿಟಿಷ್ ತಳಿವಿಜ್ಞಾನಿ ರೆಜಿನಾಲ್ಡ್ ಪನೆಟ್ ಅವರ ಹೆಸರಿನ ಚೌಕ ನೆರವಾಗುತ್ತದೆ.

| | ಪರಾಗ `R` | ಪರಾಗ `r` |
|---|---|---|
| ಅಂಡ `R` | `RR` ದುಂಡು | `Rr` ದುಂಡು |
| ಅಂಡ `r` | `Rr` ದುಂಡು | `rr` ಸುಕ್ಕು |

ಮೇಲಿನ ಅಂಚಿಗೂ ಎಡ ಅಂಚಿಗೂ ‘ಪರಾಗ’, ‘ಅಂಡ’ ಎಂಬ ಹೆಸರುಗಳನ್ನು ಬರೆಯಲೇಬೇಕು. ಆಗ ಅಂಚಿನಲ್ಲಿರುವುದು ಲಿಂಗಾಣು, ಮನೆಯೊಳಗಿರುವುದು ಎರಡು ಲಿಂಗಾಣುಗಳು ಕೂಡಿ ಆದ ಕಾಳು ಎಂಬುದು ಸ್ಪಷ್ಟವಾಗಿರುತ್ತದೆ. ಪ್ರತಿ ಮನೆಯಲ್ಲಿ ಅಲೀಲ್‌ಗಳ ಜೋಡಿಯನ್ನು, ಅಂದರೆ ಜೀನ್ ನಮೂನೆಯನ್ನು ಬರೆದು, ಅದರ ಪಕ್ಕದಲ್ಲಿ ಹೊರಗೆ ಕಾಣುವ ಗುಣವನ್ನು, ಅಂದರೆ ವ್ಯಕ್ತರೂಪವನ್ನು ಬರೆಯಿರಿ. ಜೀನ್ ನಮೂನೆಗಳನ್ನು ಎಣಿಸಿದರೆ `RR : Rr : rr = 1 : 2 : 1`. ವ್ಯಕ್ತರೂಪಗಳನ್ನು ಎಣಿಸಿದರೆ ದುಂಡು ಮತ್ತು ಸುಕ್ಕು `3 : 1`. ಪರೀಕ್ಷೆಯಲ್ಲಿ ಯಾವ ಅನುಪಾತವನ್ನು ಕೇಳಿದ್ದಾರೆ ಎಂದು ಓದದೆ ಒಂದರ ಬದಲು ಇನ್ನೊಂದನ್ನು ಬರೆಯುವವರು ಅನೇಕರು.

## ಹಂತ 6: 3:1 ಎಂಬುದನ್ನು ಸರಿಯಾಗಿ ಓದುವುದು

ನಾಲ್ಕು ಮನೆಗಳಿವೆ ಎಂದರೆ ನಾಲ್ಕು ಕಾಳುಗಳಿವೆ ಎಂದಲ್ಲ. ಪ್ರತಿಯೊಂದು ಕಾಳಿಗೂ ಸುಕ್ಕಾಗುವ ಸಂಭವ ನಾಲ್ಕರಲ್ಲಿ ಒಂದು ಎಂಬುದಷ್ಟೇ ಚೌಕದ ಅರ್ಥ, ಮತ್ತು ಒಂದು ಕಾಳು ಏನಾಯಿತು ಎಂಬುದು ಪಕ್ಕದ ಕಾಳಿನ ಮೇಲೆ ಯಾವ ಪ್ರಭಾವವನ್ನೂ ಬೀರುವುದಿಲ್ಲ. ಹಾಗಾಗಿ ನಾಲ್ಕು ಕಾಳುಗಳಿರುವ ಕಾಯಿಗಳನ್ನು ತೆಗೆದುಕೊಂಡರೆ, ನೂರರಲ್ಲಿ ಸುಮಾರು 42 ಕಾಯಿಗಳಲ್ಲಿ ಮಾತ್ರ ಸರಿಯಾಗಿ ಮೂರು ದುಂಡು, ಒಂದು ಸುಕ್ಕು ಸಿಗುವ ನಿರೀಕ್ಷೆ. ಸುಮಾರು 32 ಕಾಯಿಗಳಲ್ಲಿ ಒಂದೂ ಸುಕ್ಕು ಕಾಳು ಇರುವುದಿಲ್ಲ.

ಇದನ್ನು ನಂಬಿಸಲು ಮೆಂಡೆಲ್ ಅವರೇ ಪ್ರಕಟಿಸಿದ ಅಂಕಿಗಳಿಗಿಂತ ಒಳ್ಳೆಯ ಸಾಧನವಿಲ್ಲ. ಅವರು 253 F1 ಗಿಡಗಳಿಂದ 7,324 ಕಾಳುಗಳನ್ನು ಪಡೆದರು. ಅದರಲ್ಲಿ 5,474 ದುಂಡು, 1,850 ಸುಕ್ಕು, ಅನುಪಾತ 2.96:1. ಪಠ್ಯಪುಸ್ತಕಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಅವರು ಮೊದಲ ಹತ್ತು ಗಿಡಗಳ ಲೆಕ್ಕವನ್ನು ಬಿಡಿಬಿಡಿಯಾಗಿಯೂ ಕೊಟ್ಟಿದ್ದಾರೆ. ಅದರಲ್ಲಿ ಒಂದು ಗಿಡದಲ್ಲಿ 19 ದುಂಡು, 10 ಸುಕ್ಕು ಕಾಳುಗಳಿದ್ದವು, ಅಂದರೆ ಹೆಚ್ಚುಕಡಿಮೆ 2:1. ಇನ್ನೊಂದರಲ್ಲಿ 28 ದುಂಡು, 6 ಸುಕ್ಕು. ಹತ್ತನ್ನೂ ಕೂಡಿಸಿದರೆ 336 ಮತ್ತು 101, ಅಂದರೆ ಸುಮಾರು 3.3:1. ಬೇರೊಂದು ಗಿಡದಲ್ಲಂತೂ 14 ದುಂಡು, 15 ಸುಕ್ಕು ಬಂದದ್ದನ್ನೂ ಅವರು ಮುಚ್ಚಿಡದೆ ದಾಖಲಿಸಿದ್ದಾರೆ. ಆ ಒಂದೇ ಗಿಡವನ್ನು ನೋಡಿದವರು ಅನುಪಾತ 1:1 ಎಂದು ತೀರ್ಮಾನಿಸುತ್ತಿದ್ದರು. ಸಂಖ್ಯೆ ಹೆಚ್ಚಿದಂತೆ ಅನುಪಾತ 3ರ ಹತ್ತಿರಕ್ಕೆ ಸರಿಯುವುದನ್ನು ಈ ನಾಲ್ಕೈದು ಸಾಲುಗಳನ್ನು ಹಲಗೆಯ ಮೇಲೆ ಬರೆದರೇ ಕಾಣಬಹುದು.

ತರಗತಿಯಲ್ಲಿ ಇದನ್ನೇ ಎರಡು ನಾಣ್ಯಗಳಿಂದ ಮಾಡಿಸಬಹುದು. ಒಂದು ನಾಣ್ಯ ಪರಾಗ, ಇನ್ನೊಂದು ಅಂಡ, ಪ್ರತಿ ನಾಣ್ಯದ ಒಂದು ಮುಖ `R`, ಇನ್ನೊಂದು ಮುಖ `r`. ಪ್ರತಿ ಜೋಡಿ ವಿದ್ಯಾರ್ಥಿಗಳು ಇಪ್ಪತ್ತು ಸಲ ಚಿಮ್ಮಿ ತಮ್ಮ ಫಲಿತಾಂಶವನ್ನು ಹಲಗೆಯ ಮೇಲೆ ಬರೆಯಲಿ. ತಮ್ಮ ಅಂಕಿಗಳನ್ನು 15:5ಕ್ಕೆ ಹೊಂದಿಸಲು ಯಾರೂ ತಿದ್ದದಂತೆ ಮೊದಲೇ ಹೇಳಿಬಿಡಿ. ಕೊನೆಯಲ್ಲಿ ಇಡೀ ತರಗತಿಯ ಮೊತ್ತ ತೆಗೆಯಿರಿ.

## ಹಂತ 7: ಒಂದೇ ರೀತಿ ಕಾಣುವ ಕಾಳುಗಳನ್ನು ಬೇರ್ಪಡಿಸುವುದು

ದುಂಡು ಕಾಳನ್ನು ನೋಡಿ ಅದು `RR` ಅಥವಾ `Rr` ಎಂದು ಹೇಳಲು ಸಾಧ್ಯವಿಲ್ಲ. ಹಾಗಾದರೆ ಚೌಕದಲ್ಲಿ ನಾವು ಬರೆದ 1:2:1 ನಿಜವೆಂದು ಹೇಗೆ ಗೊತ್ತಾಯಿತು? ಇದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು, F2ರ ದುಂಡು ಕಾಳುಗಳನ್ನೇ ಬಿತ್ತಿ, ಅವು ಕೊಡುವ ಕಾಳುಗಳನ್ನು ನೋಡುವುದು. `RR` ಕಾಳಿನಿಂದ ಬೆಳೆದ ಗಿಡ ಬರಿಯ ದುಂಡು ಕಾಳನ್ನು, `Rr` ಕಾಳಿನಿಂದ ಬೆಳೆದ ಗಿಡ ಎರಡೂ ಬಗೆಯ ಕಾಳುಗಳನ್ನು ಕೊಡಬೇಕು. ಇಲ್ಲಿ ಲೆಕ್ಕ ಹಾಕುವಾಗ ವಿದ್ಯಾರ್ಥಿಗಳು ಎಡವುವ ಜಾಗವೊಂದಿದೆ. ಚೌಕದ ನಾಲ್ಕು ಮನೆಗಳಲ್ಲಿ ಎರಡು `Rr` ಇರುವುದರಿಂದ ದುಂಡು ಕಾಳುಗಳಲ್ಲಿ ಅರ್ಧ `Rr` ಎಂದು ಬರೆದುಬಿಡುತ್ತಾರೆ. ಆದರೆ ನಾವು ಆರಿಸಿದ್ದು ದುಂಡು ಕಾಳುಗಳನ್ನು ಮಾತ್ರ, ಆದ್ದರಿಂದ `rr` ಮನೆ ಲೆಕ್ಕದಿಂದ ಹೊರಗೆ ಹೋಗುತ್ತದೆ. ಉಳಿದ ಮೂರು ಮನೆಗಳಲ್ಲಿ ಎರಡು `Rr`, ಅಂದರೆ ಮೂರರಲ್ಲಿ ಎರಡು ಪಾಲು. ಮೆಂಡೆಲ್ ಬೆಳೆದ ಅಂಥ 565 ಗಿಡಗಳಲ್ಲಿ 193 ಗಿಡಗಳು ದುಂಡು ಕಾಳನ್ನು ಮಾತ್ರ, 372 ಗಿಡಗಳು ಎರಡೂ ಬಗೆಯನ್ನು ಕೊಟ್ಟವು. ಇದು 1:1.93, ಅಂದರೆ ನಿರೀಕ್ಷಿಸಿದ 1:2ಕ್ಕೆ ಬಹಳ ಸಮೀಪ.

ಎರಡನೆಯದು ಪರೀಕ್ಷಾ ಸಂಕರಣ. ಜೀನ್ ನಮೂನೆ ಗೊತ್ತಿಲ್ಲದ ದುಂಡು ಕಾಳಿನ ಗಿಡವನ್ನು ಸುಕ್ಕು ತಳಿಯೊಂದಿಗೆ ಸಂಕರಿಸುತ್ತೇವೆ. ಸುಕ್ಕು ತಳಿಯ ಲಿಂಗಾಣುಗಳೆಲ್ಲ `r` ಆಗಿರುವುದರಿಂದ ಅವು ಏನನ್ನೂ ಮರೆಮಾಡುವುದಿಲ್ಲ, ಇನ್ನೊಂದು ಗಿಡದ ಲಿಂಗಾಣುವಿನಲ್ಲಿ ಏನಿದೆಯೋ ಅದು ಕಾಳಿನ ಆಕಾರದಲ್ಲಿ ನೇರವಾಗಿ ಕಾಣುತ್ತದೆ.

```
Rr × rr   →   Rr : rr = 1 : 1
RR × rr   →   Rr ಮಾತ್ರ
```

ಒಂದೇ ಒಂದು ಸುಕ್ಕು ಕಾಳು ಕಂಡರೂ ಗಿಡ `Rr` ಎಂದು ಖಚಿತ. ಆದರೆ ಎಲ್ಲ ಕಾಳುಗಳೂ ದುಂಡಾಗಿದ್ದರೆ ಅದು `RR` ಎಂದು ಹೇಳಲು ಸಾಕಷ್ಟು ಕಾಳುಗಳು ಬೇಕು. `Rr` ಗಿಡವೂ ಪರೀಕ್ಷಾ ಸಂಕರಣದಲ್ಲಿ ನಾಲ್ಕು ದುಂಡು ಕಾಳುಗಳನ್ನು ಸಾಲಾಗಿ ಕೊಡುವ ಸಂಭವ 16ರಲ್ಲಿ 1. ಹತ್ತು ಕಾಳುಗಳಾದರೆ ಆ ಸಂಭವ 1,024ರಲ್ಲಿ 1ಕ್ಕೆ ಇಳಿಯುತ್ತದೆ.

## ದುಂಡು ಏಕೆ ಪ್ರಬಲ?

ಇಷ್ಟರಲ್ಲಿ ಯಾರಾದರೂ ‘`R` ಹೇಗೆ `r`ಅನ್ನು ಅಡಗಿಸುತ್ತದೆ?’ ಎಂದು ಕೇಳುತ್ತಾರೆ, ಕೇಳಬೇಕು. `R` ಯಾವುದನ್ನೂ ಅಡಗಿಸುವುದಿಲ್ಲ. 1990ರಲ್ಲಿ ಇಂಗ್ಲೆಂಡಿನ ಜಾನ್ ಇನೆಸ್ ಸಂಸ್ಥೆಯ ವಿಜ್ಞಾನಿಗಳು ಈ ಜೀನನ್ನು ಗುರುತಿಸಿದರು. `R` ಅಲೀಲ್ ಪಿಷ್ಟದ ಸರಪಳಿಗಳಿಗೆ ಕವಲುಗಳನ್ನು ಕೂಡಿಸುವ ಒಂದು ಕಿಣ್ವವನ್ನು ಮಾಡಿಸುತ್ತದೆ. `r` ಅಲೀಲ್‌ನಲ್ಲಿ ಸುಮಾರು 800 ಅಕ್ಷರಗಳಷ್ಟು ಉದ್ದದ ಹೆಚ್ಚುವರಿ ಡಿಎನ್‌ಎ ತುಂಡು ಮಧ್ಯದಲ್ಲಿ ಸೇರಿಕೊಂಡಿರುವುದರಿಂದ ಆ ಕಿಣ್ವ ಸರಿಯಾಗಿ ತಯಾರಾಗುವುದಿಲ್ಲ. ಹಾಗಾಗಿ `rr` ಕಾಳಿನಲ್ಲಿ ಪಿಷ್ಟ ಕಡಿಮೆಯಾಗಿ ಸಕ್ಕರೆ ಉಳಿಯುತ್ತದೆ, ಸಕ್ಕರೆ ಹೆಚ್ಚಿದ್ದರಿಂದ ಬೆಳೆಯುವ ಕಾಳು ಹೆಚ್ಚು ನೀರನ್ನು ಹೀರಿ ಉಬ್ಬುತ್ತದೆ, ಒಣಗುವಾಗ ಆ ನೀರೆಲ್ಲ ಹೋಗಿ ಕಾಳು ಮಡಿಕೆ ಬೀಳುತ್ತದೆ. `Rr` ಕಾಳಿನಲ್ಲಿ ಒಂದೇ `R` ಇದ್ದರೂ ಕಾಳು ದುಂಡಾಗಿ ಉಳಿಯಲು ಬೇಕಾದಷ್ಟು ಕಿಣ್ವ ಸಿಗುತ್ತದೆ.

ಸ್ವಾರಸ್ಯದ ಸಂಗತಿಯೆಂದರೆ, ಅದೇ `Rr` ಕಾಳಿನ ಪಿಷ್ಟದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವು `RR` ಕಾಳಿನಂತೆಯೂ ಇರುವುದಿಲ್ಲ, `rr` ಕಾಳಿನಂತೆಯೂ ಇರುವುದಿಲ್ಲ, ಎರಡರ ನಡುವಿನ ರೂಪದಲ್ಲಿರುತ್ತವೆ. ಅಂದರೆ ಕಾಳಿನ ಆಕಾರದ ಮಟ್ಟದಲ್ಲಿ `R` ಪೂರ್ಣ ಪ್ರಬಲ, ಪಿಷ್ಟದ ಕಣದ ಮಟ್ಟದಲ್ಲಿ ಹಾಗಲ್ಲ. ಸಂಜೆಮಲ್ಲಿಗೆಯಲ್ಲಿ ಕೆಂಪು ಮತ್ತು ಬಿಳಿ ಹೂವಿನ ಗಿಡಗಳ ಸಂಕರಣದಿಂದ ಗುಲಾಬಿ ಬಣ್ಣ ಬರುವುದನ್ನು ಮುಂದಿನ ತರಗತಿಯಲ್ಲಿ ಓದುವಾಗ ಇದು ನೆರವಿಗೆ ಬರುತ್ತದೆ. ಚೌಕ ಅಲ್ಲಿಯೂ ಅದೇ, ಮನೆಯ ಪಕ್ಕದಲ್ಲಿ ಬರೆಯುವ ವ್ಯಕ್ತರೂಪ ಮಾತ್ರ ಬದಲಾಗುತ್ತದೆ.

## ಕಲಿತದ್ದನ್ನು ಪರೀಕ್ಷಿಸಲು ಒಂದು ಪ್ರಶ್ನೆ

ಬಟಾಣಿಯಲ್ಲಿ ಬೂದು-ಕಂದು ಬೀಜಕವಚ ಪ್ರಬಲ (`A`), ಬಿಳಿ ಬೀಜಕವಚ ದುರ್ಬಲ (`a`). ಬಿಳಿ ಕವಚದ ಶುದ್ಧ ತಳಿಯನ್ನು ತಾಯಿಯಾಗಿ ಇಟ್ಟುಕೊಂಡು, ಬೂದು ಕವಚದ ಶುದ್ಧ ತಳಿಯ ಪರಾಗವನ್ನು ಸವರಿದ್ದೇವೆ. ಆ ಹೂವಿನಿಂದ ಬಂದ ಕಾಳಿನ ಕವಚದ ಬಣ್ಣ ಯಾವುದು? 3:1 ಅನುಪಾತ ಮೊದಲು ಕಾಣುವುದು ಎಲ್ಲಿ?

ಚೌಕವನ್ನು ಯಾಂತ್ರಿಕವಾಗಿ ಕಲಿತವರು `Aa`, ಆದ್ದರಿಂದ ಬೂದು ಎನ್ನುತ್ತಾರೆ. ಸರಿಯಾದ ಉತ್ತರ ಬಿಳಿ. ಬೀಜದಳ ಭ್ರೂಣದ ಭಾಗವಾದರೆ, ಬೀಜಕವಚ ರೂಪುಗೊಳ್ಳುವುದು ತಾಯಿ ಗಿಡದ ಅಂಗಾಂಶದಿಂದ, ಮತ್ತು ಇಲ್ಲಿ ತಾಯಿ ಗಿಡ `aa`. ಒಳಗಿನ ಭ್ರೂಣ ಮಾತ್ರ `Aa`. ಆ ಕಾಳನ್ನು ಬಿತ್ತಿದರೆ ಬೆಳೆಯುವ F1 ಗಿಡ `Aa`, ಅದರ ಕಾಯಿಗಳಲ್ಲಿರುವ ಕಾಳುಗಳಿಗೆಲ್ಲ ಬೂದು ಕವಚ, ಒಳಗಿನ ಭ್ರೂಣಗಳು ಆಗಲೇ 1:2:1ರಲ್ಲಿ ಹಂಚಿಹೋಗಿದ್ದರೂ ಹೊರಗೆ ಅದರ ಸುಳಿವಿಲ್ಲ. ಆ ಕಾಳುಗಳನ್ನೂ ಬಿತ್ತಿ, F2 ಗಿಡಗಳು ಕಾಯಿ ಬಿಟ್ಟ ಮೇಲೆಯೇ ಗಿಡದಿಂದ ಗಿಡಕ್ಕೆ ಕವಚದ ಬಣ್ಣ ಬೇರೆಯಾಗುತ್ತದೆ. ಮೆಂಡೆಲ್ ಈ ಗುಣವನ್ನು ಕಾಳುಗಳ ಲೆಕ್ಕದಲ್ಲಿ ಕೊಡದೆ 929 ಗಿಡಗಳ ಲೆಕ್ಕದಲ್ಲಿ ಕೊಟ್ಟಿರುವುದು ಇದೇ ಕಾರಣಕ್ಕೆ: 705 ಗಿಡಗಳಲ್ಲಿ ಬೂದು-ಕಂದು ಕವಚ, 224 ಗಿಡಗಳಲ್ಲಿ ಬಿಳಿ ಕವಚ.